ಎಲೆಕೋಸು ಹುದುಗಿಸಲು ಉಪ್ಪು: ಚಮಚ ಬಿಟ್ಟು ತಕ್ಕಡಿ ಹಿಡಿಯಿರಿ

"ಒಂದು ಎಲೆಕೋಸಿಗೆ ಎರಡು ಟೀ ಚಮಚ ಕಲ್ಲುಪ್ಪು ಹಾಕಿ ಜಾಡಿಯಲ್ಲಿಟ್ಟೆ. ಐದೇ ದಿನಕ್ಕೆ ಮೆತ್ತಗಾಗಿ ಲೋಳೆಯಾಯ್ತು. ಕ್ಯಾರೆಟ್‌ಗೂ ಇಷ್ಟೇ ಉಪ್ಪು ಸಾಕಾ?"

ಬಹುಶಃ ಉಪ್ಪು ಕಡಿಮೆಯಾಗಿದೆ. ನಿಮ್ಮ ಚಮಚದ ಅಳತೆ ನನಗೆ ಗೊತ್ತಿಲ್ಲ. ಆದರೆ ಕಲ್ಲುಪ್ಪಿನ ಹರಳುಗಳ ನಡುವೆ ಸಂದು ಇರುತ್ತೆ, ಹಾಗಾಗಿ ಪುಡಿ ಉಪ್ಪಿಗಿಂತ ತೂಕ ಕಡಿಮೆ ಬರುತ್ತೆ. ಎರಡು ಚಮಚ ಅಂದ್ರೆ 10 ಗ್ರಾಂ ಆಸುಪಾಸು ಇದ್ದಿರಬಹುದು. ಲೋಳೆಯಾದದ್ದನ್ನು ಎಸೆದುಬಿಡಿ. ಈಗ ಉಪ್ಪು ಸೇರಿಸಿದರೂ ಸರಿಹೋಗಲ್ಲ.

ಮುಂದಿನ ಸಲ ಕೋಸಿನ ದಂಟು ತೆಗೆದು, ಹೆಚ್ಚಿದ ಮೇಲೆ ತೂಗಿ. ತೂಕದ ಶೇ 2ರಷ್ಟು ಉಪ್ಪು ಸಾಕು. ಬೇಸಿಗೆಯಲ್ಲಿ ನಾನು ಶೇ 2.5 ಹಾಕ್ತೀನಿ, ಸೆಕೆಗೆ ಬೇಗ ಮೆತ್ತಗಾಗುತ್ತೆ ಅಲ್ವಾ. 800 ಗ್ರಾಂ ಕೋಸಿಗೆ 20 ಗ್ರಾಂ ಆಯಿತು. ಉಪ್ಪು ಹಾಕಿ ನೀರು ಬಿಡುವವರೆಗೆ ಕೈಯಲ್ಲಿ ಚೆನ್ನಾಗಿ ಹಿಸುಕಿ. ಜಾಡಿಗೆ ಒತ್ತಿ ತುಂಬಿ, ಕೋಸು ಪೂರ್ತಿ ಆ ನೀರಿನಲ್ಲಿ ಮುಳುಗುವಂತೆ ಮೇಲೆ ಭಾರ ಇಡಿ. ಮುಚ್ಚಳ ಬಿಗಿ ಮಾಡಬೇಡಿ, ಗಾಳಿ ಹೊರಗೆ ಹೋಗಬೇಕು.

ಕ್ಯಾರೆಟ್ ಲೆಕ್ಕ ಬೇರೆ. ಉದ್ದುದ್ದ ಹೆಚ್ಚಿದ ಹೋಳು ತಾನಾಗಿ ಅಷ್ಟು ನೀರು ಬಿಡಲ್ಲ, ಉಪ್ಪುನೀರು ಹಾಕಬೇಕು. ಇಲ್ಲಿ ಹೆಚ್ಚಿನವರು ನೀರಿಗೆ ಮಾತ್ರ ಲೆಕ್ಕ ಹಾಕ್ತಾರೆ. ಆಮೇಲೆ ಉಪ್ಪು ಕ್ಯಾರೆಟ್ ಒಳಗೂ ಹೋಗಿ, ನೀರು ಸಪ್ಪೆಯಾಗುತ್ತೆ. ಎರಡನ್ನೂ ಕೂಡಿಸಿ ಶೇ 3 ಹಾಕಿ. 400 ಗ್ರಾಂ ಕ್ಯಾರೆಟ್, 600 ಗ್ರಾಂ ನೀರು, 30 ಗ್ರಾಂ ಉಪ್ಪು.

ಮೂರನೇ ದಿನದಿಂದ ರುಚಿ ನೋಡಿ. ಹುಳಿ ಹಿಡಿಸಿದಾಗ ಫ್ರಿಜ್‌ಗೆ ಇಡಿ. ಮೇಲೆ ತೆಳು ಬಿಳಿ ಪೊರೆ ಬಂದರೆ ತೆಗೆದರಾಯಿತು. ನಯನಯ ಕೂದಲಿನಂಥ ಬೂಷ್ಟು ಬಂದರೆ ಪೂರ್ತಿ ಎಸೆಯಿರಿ.