10,41,002 ಕೊಟ್ಟ ಬಾಂಡ್ 10 ಲಕ್ಷಕ್ಕೆ ಇಳಿಯುವ ಲೆಕ್ಕ

ಪ್ರಶ್ನೆ: ನಮ್ಮ ಪತ್ತಿನ ಸಹಕಾರ ಸಂಘ ಏಪ್ರಿಲ್ 1ರಂದು 10 ಲಕ್ಷ ಮುಖಬೆಲೆಯ ಬಾಂಡನ್ನು 10,41,002 ರೂಪಾಯಿಗೆ ಕೊಂಡಿದೆ. ಬಡ್ಡಿ 8%, ಪ್ರತಿ ಮಾರ್ಚ್ 31ಕ್ಕೆ ಬರುತ್ತದೆ. ಇನ್ನು 5 ವರ್ಷಕ್ಕೆ ಅವಧಿ ಮುಗಿಯುತ್ತದೆ, ಅಲ್ಲಿಯವರೆಗೂ ಇಟ್ಟುಕೊಳ್ಳುತ್ತೇವೆ. ಹೆಚ್ಚಿಗೆ ಕೊಟ್ಟ 41,002 ರೂಪಾಯಿಯನ್ನು ಈ ವರ್ಷವೇ ನಷ್ಟಕ್ಕೆ ಹಾಕಿ ಎಂದು ಒಬ್ಬ ನಿರ್ದೇಶಕರು, ಕೊನೆಗೆ ನೋಡಿಕೊಂಡರಾಯಿತು ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಯಾವುದು ಸರಿ?
— ಸಂಘದ ಕಾರ್ಯದರ್ಶಿ, ತುಮಕೂರು ಜಿಲ್ಲೆ

ಸಂಪಾದಕರ ಉತ್ತರ: ಎರಡೂ ಸರಿಯಲ್ಲ. ಆ 41,002 ರೂಪಾಯಿ ನಷ್ಟವಲ್ಲ. ಪೇಟೆಯಲ್ಲಿ 7% ಸಿಗುವಾಗ ನಿಮಗೆ 8% ಬರುತ್ತದಲ್ಲ, ಆ ಹೆಚ್ಚುವರಿ ಬಡ್ಡಿಗೆ ಮುಂಗಡವಾಗಿ ಕೊಟ್ಟ ಬೆಲೆ ಅದು, ಅದನ್ನೇ ಪ್ರೀಮಿಯಂ ಎನ್ನುವುದು. ಹಾಗಾಗಿ ವರ್ಷವರ್ಷ ಕೈಗೆ ಬರುವ 80,000ದಲ್ಲಿ ಒಂದಷ್ಟು ನಿಜವಾದ ಆದಾಯ, ಉಳಿದದ್ದು ನೀವೇ ಕೊಟ್ಟ ದುಡ್ಡು ಮರಳಿ ಬಂದದ್ದು.

ಮೊದಲು ನಿಮ್ಮ ನಿಜವಾದ ಇಳುವರಿ ಎಷ್ಟೆಂದು ತಿಳಿಯಬೇಕು. ಎಕ್ಸೆಲ್‌ನಲ್ಲಿ ಇಷ್ಟು ಬರೆದರೆ ಸಾಕು:

```
=RATE(5,80000,-1041002,1000000)
```

ಉತ್ತರ 7% ಬರುತ್ತದೆ. ಕೊಟ್ಟ ಹಣದ ಮುಂದಿನ ಋಣ ಚಿಹ್ನೆ ಬಿಟ್ಟರೆ ಸೂತ್ರ ದೋಷ ತೋರಿಸುತ್ತದೆ.

ಇನ್ನು ಮೊದಲ ವರ್ಷ ನೋಡಿ. 10,41,002ಕ್ಕೆ 7% ಅಂದರೆ 72,870. ಅದು ಆ ವರ್ಷದ ಬಡ್ಡಿ ಆದಾಯ. ಬಂದದ್ದು 80,000. ನಡುವಿನ ವ್ಯತ್ಯಾಸ 7,130 ಪ್ರೀಮಿಯಂನಿಂದ ಕಳೆಯುತ್ತದೆ, ಪುಸ್ತಕ ಮೌಲ್ಯ 10,33,872ಕ್ಕೆ ಇಳಿಯುತ್ತದೆ. ಜರ್ನಲ್‌ನಲ್ಲಿ ಬ್ಯಾಂಕ್ ಖಾತೆಗೆ 80,000 ಡೆಬಿಟ್, ಬಡ್ಡಿ ಆದಾಯಕ್ಕೆ 72,870 ಕ್ರೆಡಿಟ್, ಬಾಂಡ್ ಹೂಡಿಕೆ ಖಾತೆಗೆ 7,130 ಕ್ರೆಡಿಟ್. ಮುಂದಿನ ವರ್ಷ 7% ಹಾಕುವುದು ಈ ಹೊಸ ಮೌಲ್ಯದ ಮೇಲೆ:

| ವರ್ಷ | ಬಡ್ಡಿ ಆದಾಯ | ಕಳೆದ ಪ್ರೀಮಿಯಂ | ವರ್ಷಾಂತ್ಯದ ಪುಸ್ತಕ ಮೌಲ್ಯ |
|---|---|---|---|
| 1 | 72,870 | 7,130 | 10,33,872 |
| 2 | 72,371 | 7,629 | 10,26,243 |
| 3 | 71,837 | 8,163 | 10,18,080 |
| 4 | 71,266 | 8,734 | 10,09,346 |
| 5 | 70,654 | 9,346 | 10,00,000 |

ಕಳೆಯುವ ಮೊತ್ತ ವರ್ಷದಿಂದ ವರ್ಷಕ್ಕೆ ಏರಬೇಕು, ಕೊನೆಯ ಸಾಲು ಮುಖಬೆಲೆಗೆ ಬಂದು ನಿಲ್ಲಬೇಕು. ಒಂದೆರಡು ರೂಪಾಯಿ ಹೆಚ್ಚುಕಡಿಮೆಯಾದರೆ ಪೈಸೆ ಬಿಟ್ಟದ್ದರಿಂದ, ಕೊನೆಯ ವರ್ಷ ಸರಿಪಡಿಸಿ. ಸಾವಿರಗಳಲ್ಲಿ ತಪ್ಪಿದರೆ ದರವೇ ತಪ್ಪಿದೆ. ಪುಸ್ತಕ ಮೌಲ್ಯ ಇಳಿಯುವ ಬದಲು ಏರಿತೋ, 7% ಹಾಕಬೇಕಾದಲ್ಲಿ ಯಾರೋ ಬಾಂಡಿನ ಮೇಲೆ ಬರೆದ 8% ಹಾಕಿದ್ದಾರೆ ಎಂದೇ ತಿಳಿಯಿರಿ. 10,41,002ಕ್ಕೆ 8% ಎಂದರೆ 83,280, ಬಂದ ಬಡ್ಡಿಗಿಂತಲೂ ಜಾಸ್ತಿ!

41,002ನ್ನು ಐದರಿಂದ ಭಾಗಿಸಿ ವರ್ಷಕ್ಕೆ 8,200 ರೂಪಾಯಿ 40 ಪೈಸೆ ಕಳೆಯುವ ಸಮಕಂತಿನ ದಾರಿಯೂ ಇದೆ. ಕೊನೆಗೆ ಮುಟ್ಟುವ ಜಾಗ ಅದೇ. ಆದರೆ ಇಂಡ್ ಎಎಸ್ 109 ಎಂಬ ಲೆಕ್ಕಪತ್ರ ಮಾನದಂಡ ಪಾಲಿಸುವ ಕಂಪನಿಗಳಿಗೆ ಮೇಲಿನ ಇಳುವರಿ ವಿಧಾನವೇ ಕಡ್ಡಾಯ. ನಿಮ್ಮ ಸಂಘಕ್ಕೆ ಯಾವುದೆಂದು ಲೆಕ್ಕಪರಿಶೋಧಕರ ಹತ್ತಿರ ಲಿಖಿತವಾಗಿ ಪಡೆದು, ಅವಧಿ ಮುಗಿಯುವವರೆಗೂ ಅದನ್ನೇ ಹಿಡಿಯಿರಿ. ಎಕ್ಸೆಲ್ ಇರುವಾಗ ಸಮಕಂತು ಹಿಡಿಯಲು ನನಗಂತೂ ಕಾರಣ ಕಾಣುವುದಿಲ್ಲ.

ನಿಮ್ಮ ಬಾಂಡಿನಲ್ಲಿ ಕಣ್ಣು ತಪ್ಪುವ ಜಾಗ ಟಿಡಿಎಸ್. 10% ಮುರಿದುಕೊಂಡರೆ ಬ್ಯಾಂಕಿಗೆ ಬೀಳುವುದು 72,000. ಮೊದಲ ವರ್ಷದ ಆದಾಯ 72,870ಕ್ಕೆ ಅದು ಎಷ್ಟು ಹತ್ತಿರವಿದೆಯೆಂದರೆ, ಅದನ್ನೇ ಬಡ್ಡಿ ಎಂದು ಬರೆದು ಪ್ರೀಮಿಯಂ ಕಳೆಯುವುದನ್ನು ಮರೆತವರಿಗೆ ಸಂಶಯವೂ ಬರುವುದಿಲ್ಲ. ಆ 8,000 ಟಿಡಿಎಸ್ ಖಾತೆಯಲ್ಲಿ ಬರಬೇಕಾದ ಆಸ್ತಿ. ಪ್ರೀಮಿಯಂ ಲೆಕ್ಕ ಯಾವಾಗಲೂ ಪೂರ್ತಿ 80,000ದ ಮೇಲೆ.

ಮುಂದೆ ಇನ್ನೊಂದು ಬಾಂಡನ್ನು ವರ್ಷದ ನಡುವೆ ಕೊಂಡರೆ ಇದನ್ನು ಗಮನಿಸಿ. ಇಂಥದ್ದೇ ಬಾಂಡನ್ನು ಜುಲೈ 1ರಂದು ಕೊಂಡಿರಿ ಎನ್ನಿ. ಹಿಂದಿನ ಮಾಲೀಕರ 91 ದಿನಗಳ ಬಡ್ಡಿ, ಅಂದರೆ 19,945 ರೂಪಾಯಿಯನ್ನೂ ನೀವು ಬೆಲೆಯ ಜೊತೆ ಕಟ್ಟಿರುತ್ತೀರಿ. ದಲ್ಲಾಳಿಯ ಕಾಂಟ್ರಾಕ್ಟ್ ನೋಟಿನಲ್ಲಿ ಅದು ಬೇರೆ ಸಾಲಿನಲ್ಲಿರುತ್ತದೆ. ಅದನ್ನು ಹೂಡಿಕೆಗೆ ಸೇರಿಸಿದರೆ ಪ್ರೀಮಿಯಂ ಅಷ್ಟು ಉಬ್ಬಿ, ಐದೂ ವರ್ಷದ ಆದಾಯ ಕೆಡುತ್ತದೆ. ಅದನ್ನು ಬರಬೇಕಾದ ಬಡ್ಡಿ ಖಾತೆಗೆ ಹಾಕಿ, ಮೊದಲ ಬಡ್ಡಿ ಬಂದಾಗ ಅದರಲ್ಲೇ ವಜಾ ಮಾಡಿ.

ಬಾಂಡಿನ ಷರತ್ತುಪತ್ರದಲ್ಲಿ ಕಾಲ್ ಆಪ್ಷನ್, ಅಂದರೆ ಅವಧಿಗೆ ಮೊದಲೇ ಬಾಂಡನ್ನು ಹಿಂಪಡೆಯುವ ಹಕ್ಕು ಕಂಪನಿಗೆ ಇದೆಯೇ ಎಂದೂ ನೋಡಿಬಿಡಿ. ಮೂರನೇ ವರ್ಷದ ಕೊನೆಗೆ ಕಂಪನಿ ಮುಖಬೆಲೆ ಕೊಟ್ಟು ಹಿಂಪಡೆದರೆ ಉಳಿದ 18,080 ಒಮ್ಮೆಲೇ ನಷ್ಟಕ್ಕೆ ಹೋಗುತ್ತದೆ. ಅಂದೇ ನೀವಾಗಿ 10,12,000ಕ್ಕೆ ಮಾರಿದರೆ ನಷ್ಟ 6,080 ಮಾತ್ರ. ಹೋಲಿಸುವುದು 10,18,080ರ ಜೊತೆ, ಅಂದು ಕೊಟ್ಟ 10,41,002ರ ಜೊತೆ ಅಲ್ಲ.