ಲೆಕ್ಕವಿಲ್ಲದ ವೃತ್ತಿ ಕೋರ್ಸಿಗೆ ಮಗನನ್ನು ಸೇರಿಸಬಹುದೇ?

"ಮಗ ಓದಿನಲ್ಲಿ ಅಷ್ಟಕ್ಕಷ್ಟೆ. ಲೆಕ್ಕ ಅಂದರೆ ಜ್ವರ ಬರುತ್ತೆ. ಆದರೆ ಕೆಟ್ಟ ಮೋಟಾರು, ಫ್ಯಾನು ಕೈಗೆ ಸಿಕ್ಕರೆ ಬಿಚ್ಚಿ ಸರಿ ಮಾಡ್ತಾನೆ. ನಮ್ಮ ಸುತ್ತಮುತ್ತ ಪಂಪ್ ರಿಪೇರಿಗೆ ಬೇಡಿಕೆ ಇದೆ. ಲೆಕ್ಕದ ಕಾಟವಿಲ್ಲದ ವೈಂಡಿಂಗ್ ಕೋರ್ಸಿಗೆ ಹಾಕಲೇ, ಕಷ್ಟವಾದರೂ ಮಾಮೂಲಿ ಓದನ್ನೇ ಮುಂದುವರಿಸಲೇ?"

ನಿಮ್ಮ ಮಗನ ಜಾಗದಲ್ಲಿ ನಾನಿದ್ದೆ. ಅದೇ ಕೋರ್ಸು, ಅದೇ ಖುಷಿ. ಮೊದಲ ದಿನ ವೇಳಾಪಟ್ಟಿ ನೋಡಿದಾಗ ಅದರಲ್ಲಿ ಗಣಿತ ಅನ್ನೋ ಪದವೇ ಇರಲಿಲ್ಲ. ಬಿಡುಗಡೆ ಸಿಕ್ಕಂತಾಯ್ತು.

ನಮ್ಮ ವರ್ಕ್‌ಶಾಪು ಕ್ಯಾಂಪಸ್ಸಿನ ಹಿಂಭಾಗದಲ್ಲಿತ್ತು. ಮುಂದಿನ ಬಿಲ್ಡಿಂಗಿನಲ್ಲಿ ವಿಜ್ಞಾನ ಓದುವವರು, ಹಿಂದಿನ ಶೆಡ್ಡಿನಲ್ಲಿ ನಾವು. ಆದರೂ ಕಲಿಸಿದ್ದು ಸುಳ್ಳಲ್ಲ, ಕೈ ಚೆನ್ನಾಗಿಯೇ ಪಳಗಿತು. ಸುಟ್ಟ ಮೋಟಾರು ಬಂದರೆ ಹಳೆ ತಂತಿ ಕತ್ತರಿಸುವ ಮೊದಲು ಎಲ್ಲ ಬರೆದುಕೊಳ್ಳಬೇಕು. ತಂತಿ ಕೂರುವ ಸ್ಲಾಟ್ ಎಷ್ಟು, ಒಂದು ಕಾಯಿಲಿಗೆ ಎಷ್ಟು ಸುತ್ತು, ತಂತಿ ಯಾವ ಗೇಜು ಅಂದರೆ ಎಷ್ಟು ದಪ್ಪ, ಕಾಯಿಲು ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಹೋಗಿದೆ, ಕನೆಕ್ಷನ್ ಹೇಗಿದೆ. ಆಮೇಲೆ ಏನಿತ್ತೋ ಅದನ್ನೇ ಹಾಕಬೇಕು. ಸ್ಲಾಟಿಗೆ ಕಾಗದ ಇಡುವುದು, ತಂತಿ ಇಳಿಸುವುದು, ಮೇಲೆ ಬಿದಿರಿನ ಪಟ್ಟಿ ತುರುಕುವುದು, ವಾರ್ನಿಷ್ ಹಾಕಿ ಒಣಗಿಸುವುದು, ಇವೆಲ್ಲ ಎರಡನೇ ವರ್ಷದ ಹೊತ್ತಿಗೆ ಕಣ್ಣು ಮುಚ್ಚಿ ಮಾಡುತ್ತಿದ್ದೆ.

ಕೋರ್ಸು ಮುಗಿದ ಮೇಲೆ ಒಂದು ರೀವೈಂಡಿಂಗ್ ಶೆಡ್ಡಿಗೆ ಕೆಲಸಕ್ಕೆ ಸೇರಿದೆ. ಒಂದು ದಿನ 5 ಎಚ್‌ಪಿ ಪಂಪ್ ಮೋಟಾರು ಬಂತು, ತ್ರೀ ಫೇಸ್‌ದು. ತುರ್ತಾಗಿ ಬೇಕಿತ್ತು. ಒಳಗಿದ್ದದ್ದು 19 ಗೇಜಿನ ತಂತಿ. ನಮ್ಮಲ್ಲಿ ಆ ಗೇಜು ಖಾಲಿ. ಮೇಸ್ತ್ರಿ ಊರಲ್ಲಿ ಇರಲಿಲ್ಲ. ದಪ್ಪ ತಂತಿ ಸಿಗದಿದ್ದರೆ ಎರಡು ಸಣ್ಣ ತಂತಿ ಜೊತೆಯಾಗಿ ಸುತ್ತಬಹುದು ಅಂತ ಕೇಳಿದ್ದೆ. ಅದು ನಿಜವೇ, ಎಲ್ಲರೂ ಮಾಡ್ತಾರೆ. ಎನಾಮೆಲ್ ಕೆರೆದು ಮೈಕ್ರೋಮೀಟರ್ ಹಿಡಿದೆ, 1.02 ಮಿ.ಮೀ. ಅದರ ಅರ್ಧ 0.51. ರ‍್ಯಾಕಿನಲ್ಲಿ 25 ಗೇಜು ಇತ್ತು, ಅಳೆದರೆ ಸರಿಯಾಗಿ 0.51. ಎಂಥಾ ಅದೃಷ್ಟ ಅಂದುಕೊಂಡು ಎರಡೆರಡು ಎಳೆ ಸೇರಿಸಿ ಸುತ್ತಿದೆ.

ನಾನು ಹಾಳಾಗಿದ್ದು ಇಲ್ಲೇ. ಹಾಗಾಗಿ ಇದನ್ನ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಕರೆಂಟು ಹರಿಯುವುದು ತಂತಿಯ ಅಡ್ಡಗಲದಲ್ಲಿ ಅಲ್ಲ, ಕತ್ತರಿಸಿದರೆ ಕಾಣುವ ಆ ದುಂಡು ಮುಖದಷ್ಟು ಜಾಗದಲ್ಲಿ. ಅಡ್ಡಗಲ ಅರ್ಧವಾದರೆ ಆ ಜಾಗ ಅರ್ಧವಾಗಲ್ಲ, ಕಾಲು ಭಾಗವಾಗುತ್ತೆ. ಹಾಗಾಗಿ ಅಂಥ ಎರಡು ತಂತಿ ಸೇರಿದರೂ ಹಳೆಯದರ ಅರ್ಧ ತಾಮ್ರವೇ ಆಯ್ತು. ಪೈ ಕೂಡ ಬೇಡ ಇದಕ್ಕೆ. ಎರಡೂ ಕಡೆ ಪೈ ಇರುವುದರಿಂದ ಬಿಟ್ಟುಬಿಡಿ, ಅಡ್ಡಗಲವನ್ನು ಅದರಿಂದಲೇ ಗುಣಿಸಿದರೆ ಸಾಕು. 1.02 ಗುಣಿಸು 1.02 ಅಂದರೆ 1.04. ಅದೇ 0.51 ಗುಣಿಸು 0.51 ಅಂದರೆ 0.26, ಎರಡು ಎಳೆಗೆ 0.52. ಬೇಕಿದ್ದದ್ದು 22 ಗೇಜು, ಅದು 0.71 ಮಿ.ಮೀ. ಅದನ್ನ ಗುಣಿಸಿದರೆ 0.50, ಎರಡು ಎಳೆಗೆ 1.0. ಹಳೆಯದಕ್ಕೆ ಹತ್ತಿರ ಬಂತು ಅಲ್ವಾ? ಇಷ್ಟೇ ಲೆಕ್ಕ. ಎಂಟನೇ ಕ್ಲಾಸಿನದು.

ಮೋಟಾರು ನನಗೆ ಎಚ್ಚರಿಕೆ ಕೊಡದೇ ಇರಲಿಲ್ಲ. ತಂತಿ ಸ್ಲಾಟಿಗೆ ತೀರಾ ಸಲೀಸಾಗಿ ಇಳಿಯಿತು. ಸಾಮಾನ್ಯವಾಗಿ ಕೊನೆಯ ಸುತ್ತುಗಳನ್ನು ಒತ್ತಿ ಒತ್ತಿ ಕೂರಿಸಬೇಕು, ಬೆರಳು ನೋಯುತ್ತೆ. ಅವತ್ತು ಸ್ಲಾಟಿನಲ್ಲಿ ಇನ್ನೂ ಜಾಗ ಉಳಿಯಿತು. ಬಿದಿರಿನ ಪಟ್ಟಿ ಸಡಿಲವಾಗಿ ಅಲ್ಲಾಡಿತು. ನಾನು ಕಾಗದ ಮಡಿಸಿ ತುರುಕಿ ಗಟ್ಟಿ ಮಾಡಿದೆ. ಕೈ ಪಳಗಿದೆ, ಅದಕ್ಕೇ ಇಷ್ಟು ಬೇಗ ಆಯ್ತು ಅಂದುಕೊಂಡೆ!

ಟೆಸ್ಟಿನಲ್ಲೂ ಸಿಕ್ಕಿಬೀಳಲಿಲ್ಲ. ಮೀಟರ್ ಹಿಡಿದರೆ ಮೂರೂ ಫೇಸಿನ ರೆಸಿಸ್ಟೆನ್ಸು ಒಂದೇ. ನಮಗೆ ಕಲಿಸಿದ್ದು ಅಷ್ಟೇ, ಮೂರೂ ಸಮ ಇದ್ದರೆ ಪಾಸು. ಮೂರೂ ಸಮವಾಗಿಯೇ ಇರಬೇಕಿದ್ದಕ್ಕಿಂತ ಎರಡರಷ್ಟಿವೆ ಅಂತ ಹೇಗೆ ಗೊತ್ತಾಗಬೇಕು? ಲೋಡಿಲ್ಲದೆ ಓಡಿಸಿದೆ. ಸದ್ದಿಲ್ಲ, ಬಿಸಿಯಿಲ್ಲ. ಖಾಲಿ ಓಡುವಾಗ ಮೋಟಾರು ಎಳೆಯುವ ಕರೆಂಟು ಮುಖ್ಯವಾಗಿ ಸುತ್ತು ಮತ್ತು ಕಬ್ಬಿಣದ ಮೇಲೆ ನಿಂತಿದೆ. ಸುತ್ತಿನಲ್ಲಿ ನಾನು ತಪ್ಪು ಮಾಡಿರಲಿಲ್ಲ.

ಮೂರನೇ ದಿನ ಸುಟ್ಟು ವಾಪಸ್ ಬಂತು. ಮುಚ್ಚಳ ತೆಗೆದರೆ ಮೂರೂ ಫೇಸ್ ಒಂದೇ ಸಮ ಕಪ್ಪಾಗಿತ್ತು. ಒಂದು ಫೇಸು ಹೋಗಿದ್ದರೆ ಅದರ ಗುರುತೇ ಬೇರೆ, ಕೆಲವು ಕಾಯಿಲು ಕಪ್ಪು, ಕೆಲವು ಚೆನ್ನಾಗಿ ಇರುತ್ತವೆ. ಇದು ಪೂರ್ತಿ ಬೆಂದಿತ್ತು. ಕರೆಂಟು ಜಾಸ್ತಿಯಾದರೆ ಮೋಟಾರು ನಿಲ್ಲಿಸುವ ಓವರ್‌ಲೋಡ್ ರಿಲೇ ಯಾಕೆ ಟ್ರಿಪ್ ಆಗಲಿಲ್ಲ ಅಂತ ನಾನೇ ವಾದ ಮಾಡಿದೆ. ರಿಲೇ ನೋಡುವುದು ಕರೆಂಟನ್ನು. ಪಂಪಿನ ಲೋಡು ಮೊದಲಿನಷ್ಟೇ, ಕರೆಂಟೂ ಹೆಚ್ಚುಕಮ್ಮಿ ಅಷ್ಟೇ. ರೆಸಿಸ್ಟೆನ್ಸು ಎರಡರಷ್ಟಾಗಿದ್ದಕ್ಕೆ ತಂತಿಯಲ್ಲಿ ಹುಟ್ಟುವ ಬಿಸಿ ಎರಡರಷ್ಟಾಯ್ತು. ಅದು ರಿಲೇಗೆ ಗೊತ್ತೇ ಆಗಲ್ಲ.

ಮೇಸ್ತ್ರಿ ಬೈಯಲಿಲ್ಲ. ಮೊದಲ ಸಲ ಕಿತ್ತ ಹಳೆ ತಾಮ್ರ ಗುಜರಿಗೆ ಹಾಕಲು ಚೀಲದಲ್ಲಿ ಇನ್ನೂ ಇತ್ತು. ಅದನ್ನು ತಕ್ಕಡಿಯ ಒಂದು ತಟ್ಟೆಗೆ ಹಾಕಿದರು. ನಾನು ಸುತ್ತಿ ಸುಟ್ಟಿದ್ದನ್ನು ಕಿತ್ತು ಇನ್ನೊಂದಕ್ಕೆ ಹಾಕಿದರು. ನನ್ನ ತಟ್ಟೆ ಮೇಲೆ ಹೋಯಿತು. ಹಳೆಯದರಲ್ಲಿ ಅರ್ಧ ತೆಗೆದ ಮೇಲೆ ಎರಡೂ ಸಮಕ್ಕೆ ಬಂದವು. "ಮಿಕ್ಕ ತಾಮ್ರ ಎಲ್ಲಿ ಹೋಯ್ತಪ್ಪಾ?" ಅಂದರು. ಅಷ್ಟೇ. ಆ ತಾಮ್ರದ ದುಡ್ಡು ನನ್ನ ಸಂಬಳದಿಂದ ಮುರಿಯಿತು. ಆಮೇಲೆ ಎಷ್ಟೋ ತಿಂಗಳು ಯಾವ ಮೋಟಾರನ್ನೂ ಒಬ್ಬನೇ ಮುಟ್ಟಲು ನನಗೆ ಬಿಡಲಿಲ್ಲ.

ಒಂದು ಮಾತು ಸೇರಿಸಬೇಕು. ಮುಂದಿನ ಬಿಲ್ಡಿಂಗಿನಲ್ಲಿ ಓದಿದ ಗೆಳೆಯನೊಬ್ಬ ಗಣಿತದಲ್ಲಿ ತೊಂಬತ್ತರ ಮೇಲೆ ತೆಗೆದವನು. ಒಂದು ಮಿಲಿಮೀಟರಿನ ತಂತಿ ಬದಲು ಎಂಥ ಎರಡು ತಂತಿ ಹಾಕಬೇಕು ಅಂತ ಅವನಿಗೆ ಕೇಳಿದೆ. ಯೋಚಿಸದೆ "ಅರ್ಧ ಮಿಲಿಮೀಟರಿಂದು ಎರಡು" ಅಂದ. ವೃತ್ತದ ಸೂತ್ರ ಅವನ ಬಾಯಲ್ಲಿತ್ತು, ತಂತಿ ಒಂದು ವೃತ್ತ ಅಂತ ಹೊಳೆದಿರಲಿಲ್ಲ. ನನ್ನ ಕೈಯಲ್ಲಿ ತಂತಿ ಇತ್ತು, ಸೂತ್ರ ಇರಲಿಲ್ಲ. ಆ ಕ್ಯಾಂಪಸ್ಸು ನಮ್ಮಿಬ್ಬರಿಗೂ ಅರ್ಧರ್ಧ ಕೊಟ್ಟಿತ್ತು.

ಆಮೇಲೆ ಡಿಪ್ಲೊಮಾ ಮಾಡೋಣ ಅಂತ ಹೋದೆ. ಗಣಿತ ಓದಿಲ್ಲ, ಅರ್ಹತೆ ಇಲ್ಲ ಅಂದರು. ಹಗಲು ಶೆಡ್ಡು, ರಾತ್ರಿ ಪುಸ್ತಕ. ಖಾಸಗಿಯಾಗಿ ಗಣಿತದ ಪರೀಕ್ಷೆ ಕಟ್ಟಿ ಎರಡನೇ ಸಲಕ್ಕೆ ಪಾಸಾದೆ. ಅದಕ್ಕೇ ಎರಡು ವರ್ಷ ಹೋಯಿತು. ಈಗ ನಾನೂ ವೈಂಡಿಂಗ್ ಕಲಿಸ್ತೀನಿ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪಲ್ಲ. ಲೆಕ್ಕ ಬರದವನಿಗೆ ಕೈಕೆಲಸ ಅನ್ನೋದು ಕೈಕೆಲಸ ಮಾಡದವರು ಕಟ್ಟಿದ ಮಾತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕಸುಬಿನ ಮೂಲಕ ಶಿಕ್ಷಣ ಅಂದಾಗ, ಓದಲು ಬಾರದ ಮಕ್ಕಳಿಗೆ ನೂಲುವ ತಕಲಿ ಕೊಡಿ ಅನ್ನಲಿಲ್ಲ. ಎಲ್ಲ ಮಕ್ಕಳಿಗೂ, ಗಣಿತ ವಿಜ್ಞಾನವನ್ನೂ ತಕಲಿಯ ಮೂಲಕವೇ ಕಲಿಸಿ ಅಂದರು. ಜರ್ಮನಿಯಲ್ಲಿ ಕಂಪನಿಯಲ್ಲಿ ಕೆಲಸ ಕಲಿಯುವ ಹುಡುಗರು ವಾರದಲ್ಲಿ ಒಂದೆರಡು ದಿನ ವೃತ್ತಿ ಶಾಲೆಯಲ್ಲಿ ಕೂರಲೇಬೇಕು. ಓದನ್ನು ಕಿತ್ತುಹಾಕಿ ಕೆಲಸ ಕಲಿಸುವುದು ಸುಮ್ನೆ ಅಗ್ಗದ ದಾರಿ.

ನನ್ನ ಹುಡುಗರಿಗೆ ಮೊದಲ ವಾರ ತಕ್ಕಡಿಯೇ ಪಾಠ. ಬೇರೆ ಬೇರೆ ಗೇಜಿನ ಒಂದೊಂದು ಮೀಟರ್ ತಂತಿ ಕತ್ತರಿಸಿ ತೂಗಿ ಪಟ್ಟಿ ಮಾಡ್ತಾರೆ. ಸಣ್ಣ ತಂತಿಗೆ ಒಂದು ಮೀಟರ್ ಸಾಲದು, ಹತ್ತು ಮೀಟರ್ ತೂಗಿ ಭಾಗಿಸಬೇಕು ಅಂತ ಅವರೇ ಕಂಡುಕೊಳ್ತಾರೆ. ಅಡ್ಡಗಲ ಅರ್ಧವಾದರೆ ತೂಕ ಕಾಲು ಭಾಗವಾಗುವುದು ಪಟ್ಟಿಯಲ್ಲೇ ಕಾಣುತ್ತೆ. ಸೂತ್ರ ಆಮೇಲೆ. ಲೆಕ್ಕ ಅಂದರೆ ಜ್ವರ ಅಂದವರೇ ಜಾಸ್ತಿ ಜಗಳ ಆಡಿ ಲೆಕ್ಕ ಸರಿಪಡಿಸ್ತಾರೆ. ಹಾಗಂತ ಎಲ್ಲ ಗಣಿತವೂ ಕೆಲಸದಿಂದ ತಾನಾಗಿ ಹುಟ್ಟಲ್ಲ. ತ್ರೀ ಫೇಸಿನಲ್ಲಿ ರೂಟ್ 3 ಯಾಕೆ ಬರುತ್ತೆ ಅಂತ ಕಲಿಸಲು ತಂತಿ ಬದಿಗಿಟ್ಟು ಬೆಂಚಿನ ಮೇಲೆ ಕೂರಿಸಲೇಬೇಕು. ಅವತ್ತು ಗೊಣಗಾಟ ಇದ್ದದ್ದೇ.

ಸುತ್ತಮುತ್ತ ಬೇಡಿಕೆ ಇದೆ ಅಂದಿರಿ. ಅದನ್ನೊಂದೇ ನಂಬಬೇಡಿ. ಚಿಕ್ಕ ಮೋಟಾರುಗಳಿಗೆ ಎಷ್ಟೋ ಕಡೆ ರೀವೈಂಡಿಂಗ್ ಮಾಡಿಸುವ ಬದಲು ಹೊಸದನ್ನೇ ತರ್ತಾರೆ. ನೀರು ತುಂಬಿದ ಸಬ್‌ಮರ್ಸಿಬಲ್ಲಿಗೆ ತಂತಿಯೇ ಬೇರೆ, ಮೇಲೆ ಪ್ಲಾಸ್ಟಿಕ್ ಹೊದಿಕೆ ದಪ್ಪಗಿರುತ್ತೆ. ಹಾಗಾಗಿ ಅದೇ ಸ್ಲಾಟಿನಲ್ಲಿ ತಾಮ್ರಕ್ಕೆ ಉಳಿಯುವ ಜಾಗದ ಲೆಕ್ಕವೂ ಬೇರೆ. ಒಂದೇ ತರಹದ ಮೋಟಾರನ್ನು ನಕಲು ಮಾಡಲು ಕಲಿತವನಿಗೆ ಅಲ್ಲಿ ಕೈ ಕಟ್ಟಿದಂತೆ.

ವೈಂಡಿಂಗಿಗೇ ಹಾಕಿ, ಹುಡುಗನಿಗೆ ಇಷ್ಟವಿದ್ದರೆ. ಆದರೆ ಸೇರಿಸುವ ಮೊದಲು ಅಲ್ಲಿಗೆ ಹೋಗಿ ಎರಡನೇ ವರ್ಷದ ಹುಡುಗನೊಬ್ಬನ ಜಾಬ್ ನೋಟ್‌ಬುಕ್ ಕೇಳಿ ನೋಡಿ. ಸ್ಲಾಟು, ಸುತ್ತು, ಗೇಜು, ಚೆಂದದ ಬಣ್ಣದ ಚಿತ್ರ ಇಷ್ಟೇ ಇದ್ದರೆ ಅದು ನನ್ನ ಹಳೆ ನೋಟ್‌ಬುಕ್ಕೇ. ಹೇಳಿದ ಗೇಜು ಸಿಗದಿದ್ದಾಗ ಏನು ಮಾಡಿದರು ಅಂತ ಒಂದು ಪುಟದಲ್ಲಾದರೂ ಗೀಚಿದ ಲೆಕ್ಕ, ಹೊಡೆದುಹಾಕಿದ ಅಂಕಿ ಇದ್ದರೆ ಧೈರ್ಯವಾಗಿ ಸೇರಿಸಿ. ಇಲ್ಲಿಂದ ಡಿಪ್ಲೊಮಾಗೆ ಹೋಗಬಹುದಾ ಅಂತಲೂ ಕೇಳಿ, ಬಾಯಿಮಾತಲ್ಲಿ ಅಲ್ಲ, ಲಿಖಿತವಾಗಿ. ಹತ್ತಿರದಲ್ಲಿ ಇದೊಂದೇ ಕೋರ್ಸು, ಅದರಲ್ಲಿ ಗಣಿತವೂ ಇಲ್ಲ ಅಂತಾದರೆ, ಸೇರಿಸಿದ ವಾರದಲ್ಲೇ ಗಣಿತದ ಖಾಸಗಿ ಪರೀಕ್ಷೆಗೂ ಹೆಸರು ಕಟ್ಟಿಸಿಬಿಡಿ. ಬೈದುಕೊಂಡೇ ಓದಲಿ ಬಿಡಿ.