ಹೊಸ ಯಂತ್ರಕ್ಕೆ ಈಗಿನಿಂದ ಎಷ್ಟು ಎತ್ತಿಡಬೇಕು?

ಪ್ರಶ್ನೆ: ನಮ್ಮ ಯಂತ್ರವನ್ನು ಈಗಷ್ಟೇ 8 ಲಕ್ಷಕ್ಕೆ ಕೊಂಡಿದ್ದೇವೆ. 6 ವರ್ಷ ಬಾಳಿಕೆ ಬರುತ್ತದೆ ಅಂತಾರೆ. ಆಮೇಲೆ ಹೊಸದಕ್ಕೆ ಸಾಲ ಮಾಡುವುದು ಬೇಡ ಅಂತ ವರ್ಷವರ್ಷ ದುಡ್ಡು ಎತ್ತಿಡುವ ಯೋಚನೆ ಇದೆ. 8 ಲಕ್ಷವನ್ನು 6ರಿಂದ ಭಾಗಿಸಿದರೆ 1,33,333 ಬರುತ್ತದೆ. ಆದರೆ ಠೇವಣಿಗೆ ಶೇ 6 ಬಡ್ಡಿ ಸಿಗುವಾಗ ಅಷ್ಟು ಇಡಬೇಕಾಗಿಲ್ಲ ಅಲ್ವಾ? ಸರಿಯಾಗಿ ಎಷ್ಟು ಇಡಬೇಕು? ತಿಂಗಳು ತಿಂಗಳು ಕಟ್ಟುವುದಾದರೆ ಲೆಕ್ಕ ಹೇಗೆ?

ಉತ್ತರ: ಬಡ್ಡಿಯ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆದರೆ ಭಾಗಿಸಲು ಹೊರಟ ಆ 8 ಲಕ್ಷವೇ ತಪ್ಪು ಅಂಕಿ. ಮೊದಲು ಅದನ್ನು ಸರಿಮಾಡಿಕೊಳ್ಳೋಣ.

8 ಲಕ್ಷ ಎನ್ನುವುದು ಇವತ್ತಿನ ಬೆಲೆ. ನೀವು ಹೊಸ ಯಂತ್ರ ಕೊಳ್ಳುವುದು 6 ವರ್ಷದ ಮೇಲೆ. ಅಂಥ ಯಂತ್ರದ ಬೆಲೆ ವರ್ಷಕ್ಕೆ ಶೇ 5ರಂತೆ ಏರುತ್ತದೆ ಎಂದಿಟ್ಟುಕೊಳ್ಳಿ. 8 ಲಕ್ಷವನ್ನು 1.05ರಿಂದ ಆರು ಸಲ ಗುಣಿಸಿದರೆ ಸುಮಾರು 10.72 ಲಕ್ಷ ಆಗುತ್ತದೆ. ಆ ದಿನ ಹಳೆಯ ಯಂತ್ರವನ್ನು ಗುಜರಿಗೆ ಹಾಕಿದರೂ ಒಂದಿಷ್ಟು ಬರುತ್ತದಲ್ಲ? ಅದನ್ನು 72 ಸಾವಿರ ಎಂದು ಹಿಡಿಯೋಣ. ಹಾಗಾದರೆ ನೀವು ಕೂಡಿಸಬೇಕಾದ ಗುರಿ 10 ಲಕ್ಷ. ಶೇ 5 ಮತ್ತು 72 ಸಾವಿರ ಎರಡೂ ನನ್ನ ಅಂದಾಜು. ನಿಮ್ಮ ಯಂತ್ರ ಮಾರುವವರನ್ನು ಕೇಳಿದರೆ ಹಿಂದಿನ ನಾಲ್ಕೈದು ವರ್ಷದ ಬೆಲೆ ಗೊತ್ತಾಗುತ್ತದೆ. ಅದರ ಮೇಲೆ ನಿಮ್ಮ ಅಂಕಿ ಹಾಕಿಕೊಳ್ಳಿ.

ಈಗ ಬಡ್ಡಿಗೆ ಬರೋಣ. ಪ್ರತಿ ವರ್ಷದ ಕೊನೆಗೆ ಒಂದೊಂದು ರೂಪಾಯಿ ಇಡುತ್ತಾ ಹೋದರೆ 6 ವರ್ಷದ ಕೊನೆಗೆ ಎಷ್ಟಾಗುತ್ತದೆ ಎಂದು ಮೊದಲು ನೋಡಬೇಕು. ಮೊದಲ ವರ್ಷದ ಕೊನೆಗೆ ಇಟ್ಟ ರೂಪಾಯಿಗೆ 5 ವರ್ಷ ಬಡ್ಡಿ ಸಿಗುತ್ತದೆ, ಅದು 1.3382 ಆಗುತ್ತದೆ. ಎರಡನೆಯದಕ್ಕೆ 4 ವರ್ಷ, ಅದು 1.2625. ಹೀಗೇ ಇಳಿಯುತ್ತಾ 1.1910, 1.1236, 1.06. ಕೊನೆಯ ರೂಪಾಯಿಯನ್ನು ಯಂತ್ರ ಕೊಳ್ಳುವ ದಿನವೇ ಇಡುತ್ತೀರಿ, ಅದಕ್ಕೆ ಬಡ್ಡಿಯೇ ಇಲ್ಲ, ಬರೀ 1. ಎಲ್ಲ ಕೂಡಿದರೆ 6.9753.

ಅಂದರೆ ವರ್ಷಕ್ಕೆ 1 ರೂಪಾಯಿ ಇಟ್ಟರೆ 6.9753 ಸಿಗುತ್ತದೆ. ನಮಗೆ ಬೇಕಾದದ್ದು 10 ಲಕ್ಷ. 10 ಲಕ್ಷವನ್ನು 6.9753ರಿಂದ ಭಾಗಿಸಿ: 1,43,363. ಇದೇ ನೀವು ವರ್ಷಕ್ಕೆ ಇಡಬೇಕಾದ ಕಂತು. ಹೀಗೆ ಕಂತುಕಂತಾಗಿ ಕೂಡಿಸುವ ನಿಧಿಗೆ ಸಿಂಕಿಂಗ್ ಫಂಡ್ ಎನ್ನುತ್ತಾರೆ, ಅದರ ಲೆಕ್ಕದ ಗುಟ್ಟು ಇಷ್ಟೇ. ಈ ಕೂಡುವ ಕೆಲಸವನ್ನು ಒಂದೇ ಸಾಲಿನಲ್ಲಿ ಮುಗಿಸಲು ಒಂದು ಸೂತ್ರ ಇದೆ:

```
D = F × i ÷ ((1 + i)^n − 1)
```

`F` ಅಂದರೆ ಗುರಿ, `i` ಒಂದು ಅವಧಿಯ ಬಡ್ಡಿ (ಇಲ್ಲಿ 0.06), `n` ಒಟ್ಟು ಕಂತುಗಳು, `D` ಪ್ರತಿ ಕಂತು.

ನಂಬಿಕೆ ಬರದಿದ್ದರೆ ಕಾಗದದ ಮೇಲೆ ನಡೆಸಿ ನೋಡಿ. ಮೊದಲ ವರ್ಷದ ಕೊನೆಗೆ ಖಾತೆಯಲ್ಲಿ 1,43,363. ಎರಡನೇ ವರ್ಷ ಅದಕ್ಕೆ 8,602 ಬಡ್ಡಿ, ಜೊತೆಗೆ ಹೊಸ ಕಂತು, ಒಟ್ಟು 2,95,328. ಮೂರನೇ ವರ್ಷಕ್ಕೆ 4,56,410. ಐದನೆಯದಕ್ಕೆ 8,08,150. ಕೊನೆಯ ವರ್ಷ ಬಡ್ಡಿಯೇ 48,489 ಬರುತ್ತದೆ, ಅದಕ್ಕೆ ಕಡೆಯ ಕಂತು ಸೇರಿದರೆ 10 ಲಕ್ಷ, ಒಂದೆರಡು ರೂಪಾಯಿ ಆಚೀಚೆ. ಕೈಯಿಂದ ಹೋದದ್ದು ಸುಮಾರು 8.60 ಲಕ್ಷ, ಉಳಿದ 1.40 ಲಕ್ಷ ಬಡ್ಡಿ. 6 ವರ್ಷದಷ್ಟು ಚಿಕ್ಕ ಅವಧಿಯಲ್ಲಿ ಬಡ್ಡಿಯಿಂದ ತುಂಬಾ ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಕಂತನ್ನು ವರ್ಷದ ಮೊದಲಲ್ಲೇ ಇಡುತ್ತೀರಾದರೆ ಪ್ರತಿ ಕಂತಿಗೂ ಒಂದು ವರ್ಷ ಹೆಚ್ಚು ಬಡ್ಡಿ. 1,43,363ನ್ನು 1.06ರಿಂದ ಭಾಗಿಸಿ, 1,35,248 ಸಾಕು.

ತಿಂಗಳ ಕಂತಿನಲ್ಲಿ ಎಡವುವವರೇ ಹೆಚ್ಚು. ಹಿಂದೆ ಒಬ್ಬರು ಇದೇ 10 ಲಕ್ಷದ ಗುರಿಗೆ "ತಿಂಗಳಿಗೆ ಬರೀ 918 ರೂಪಾಯಿ ಸಾಕು ನೋಡಿ ಸಾರ್" ಎಂದು ಖುಷಿಯಿಂದ ಲೆಕ್ಕದ ಹಾಳೆ ತಂದು ತೋರಿಸಿದ್ದರು. ಕಂತುಗಳನ್ನು 72 ಎಂದು ಬದಲಿಸಿದ್ದರು, ಬಡ್ಡಿಯನ್ನು ಮಾತ್ರ 0.06ರಲ್ಲೇ ಬಿಟ್ಟಿದ್ದರು. ಅಂದರೆ ತಿಂಗಳಿಗೆ ಶೇ 6 ಬಡ್ಡಿ ಸಿಗುತ್ತದೆ ಎಂದಾಯಿತು! ಆ ಹಾಳೆ ನಂಬಿ ಕಟ್ಟಿದ್ದರೆ 6 ವರ್ಷಕ್ಕೆ ಸುಮಾರು 79 ಸಾವಿರ ಸೇರುತ್ತಿತ್ತು ಅಷ್ಟೇ. ಕಂತು ತಿಂಗಳದ್ದಾದರೆ ಬಡ್ಡಿಯೂ ತಿಂಗಳದ್ದೇ ಆಗಬೇಕು. ಬ್ಯಾಂಕು ಬಡ್ಡಿಯನ್ನು ತಿಂಗಳಿಗೊಮ್ಮೆ ಸೇರಿಸುತ್ತದೆ ಎಂದಾದರೆ `i` = 0.06 ÷ 12 = 0.005, `n` = 72. ಆಗ ತಿಂಗಳಿಗೆ 11,573 ಬರುತ್ತದೆ. ಎಕ್ಸೆಲ್‌ನಲ್ಲಿ ಹೀಗೆ:

```
=PMT(0.06/12, 72, 0, -1000000)
```

ಇಂಥ ತಪ್ಪು ಹಿಡಿಯುವುದು ಸುಲಭ. ಬಡ್ಡಿಯನ್ನು ಸುಮ್ನೆ ಮರೆತು 10 ಲಕ್ಷವನ್ನು 72ರಿಂದ ಭಾಗಿಸಿ: 13,889. ಸರಿಯಾದ ಕಂತು ಇದಕ್ಕಿಂತ ಸ್ವಲ್ಪ ಕಡಿಮೆ ಇರಬೇಕು. ಈ ಬಡ್ಡಿಗೆ, ಈ ಅವಧಿಗೆ, ಆರರಲ್ಲಿ ಒಂದು ಪಾಲಿನಷ್ಟು ಇಳಿದರೆ ಸರಿ. ಹತ್ತರಲ್ಲಿ ಒಂದು ಪಾಲಿಗೆ ಬಿದ್ದಿದ್ದರೆ ಎಲ್ಲೋ ಬಡ್ಡಿ ಕೆಟ್ಟಿದೆ. 13,889ಕ್ಕಿಂತ ಜಾಸ್ತಿ ಬಂದಿದ್ದರೂ ಅಷ್ಟೇ.

ನೀವು ಕೇಳದಿದ್ದರೂ ಒಂದು ಮಾತು ಹೇಳಬೇಕು. "ಪುಸ್ತಕದಲ್ಲಿ ಪ್ರತಿ ವರ್ಷ ಸವಕಳಿ ಕಳೆಯುತ್ತಿದ್ದೇವಲ್ಲ, ಮತ್ತೆ ಈ ನಿಧಿ ಯಾಕೆ?" ಎಂದು ನಿಮ್ಮಲ್ಲೇ ಯಾರಾದರೂ ಕೇಳಬಹುದು. ಸವಕಳಿ ಬರೆದಾಗ ಲೆಕ್ಕದಲ್ಲಿ ಲಾಭ ಇಳಿಯುತ್ತದೆ, ಅಷ್ಟು ದುಡ್ಡು ಬೇರೆ ಖಾತೆಗೆ ಹೋಗಿ ಕೂರುವುದಿಲ್ಲ. ಅದು ಕಚ್ಚಾ ಸಾಮಗ್ರಿಗೋ ಸಂಬಳಕ್ಕೋ ಖರ್ಚಾಗಿರುತ್ತದೆ. ಅದಕ್ಕೇ ನಿಧಿಯ ದುಡ್ಡನ್ನು ದಿನದ ವ್ಯವಹಾರದ ಖಾತೆಯಲ್ಲಿ ಬೆರೆಸದೆ ಬೇರೆಯೇ ಇಡಬೇಕು. ಬಡ್ಡಿಯ ಮೇಲೆ ತೆರಿಗೆ ಕಟ್ಟಬೇಕಿದ್ದರೆ ಸೂತ್ರಕ್ಕೆ ತೆರಿಗೆ ಕಳೆದ ಮೇಲಿನ ದರ ಹಾಕಿ.

ಇನ್ನು 6 ವರ್ಷವೂ ಅದೇ ಬಡ್ಡಿ ಸಿಗುತ್ತದೆ ಎಂಬ ಖಾತ್ರಿ ಯಾರಿಗೂ ಇಲ್ಲ. ಮೂರು ವರ್ಷದ ಕೊನೆಗೆ ದರ ಶೇ 4ಕ್ಕೆ ಇಳಿಯಿತು ಅನ್ನಿ. ಆಗ ಹಳೆಯ ಕಂತಿಗೇ ಅಂಟಿಕೊಂಡರೆ ಕಡೆಗೆ 39 ಸಾವಿರದಷ್ಟು ಕೊರತೆ ಬೀಳುತ್ತದೆ. ಖಾತೆಯಲ್ಲಿರುವ 4,56,410 ಇನ್ನು ಮೂರು ವರ್ಷದಲ್ಲಿ ಶೇ 4ರಂತೆ 5,13,399 ಆಗುತ್ತದೆ. ಉಳಿದದ್ದು 4,86,601. ಶೇ 4ರಲ್ಲಿ ಮೂರು ವರ್ಷ ಒಂದೊಂದು ರೂಪಾಯಿ ಇಟ್ಟರೆ 3.1216 ಸಿಗುತ್ತದೆ. ಅದರಿಂದ ಭಾಗಿಸಿದರೆ ಹೊಸ ಕಂತು 1,55,882. ಯಂತ್ರದ ಬೆಲೆ ನಾವು ಅಂದಾಜು ಮಾಡಿದ್ದಕ್ಕಿಂತ ಹೆಚ್ಚು ಏರಿದರೂ ಮಾಡಬೇಕಾದದ್ದು ಇದೇ ಲೆಕ್ಕ, ಗುರಿಯನ್ನು ಮಾತ್ರ ಬದಲಿಸಿ. ವರ್ಷಕ್ಕೊಮ್ಮೆ ಖಾತೆಯ ಪಾಸ್‌ಬುಕ್ಕನ್ನೂ ಯಂತ್ರದ ಹೊಸ ಬೆಲೆಪಟ್ಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತರೆ ಕಾಲು ಗಂಟೆಯ ಕೆಲಸ.